ಐದು ದಿನದ ಟೀಸರ್, ಐವತ್ತು ಪ್ಯಾಕೆಟ್ ನವಣೆ ಚಕ್ಕುಲಿ: ಸ್ಕ್ರಿಪ್ಟ್ ಬರೆಯೋದು ಹೇಗೆ?

ಮೈಸೂರು: 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ರಾಗಿ, ನವಣೆ, ಸಾಮೆ ತಿಂಡಿ ಮಾಡಿ ಮಾರೋ ಮನೆಗಳು ನಮ್ಮೂರಲ್ಲೂ ಕಾಣ್ತಾ ಇವೆ. ಇವರಲ್ಲಿ ಹೆಚ್ಚಿನವರಿಗೆ ಬೋರ್ಡೂ ಇಲ್ಲ, ಅಂಗಡಿಯೂ ಇಲ್ಲ. ಇರೋದು ವಾಟ್ಸಾಪ್ ಸ್ಟೇಟಸ್ ಮಾತ್ರ. ಅದರಲ್ಲೇ "ಇನ್ನು 5 ದಿನ, ಇನ್ನು 4 ದಿನ" ಅಂತ ಸಣ್ಣ ವಿಡಿಯೋ ಹಾಕ್ತಾ ಹೋಗಿ, ಕೊನೇ ದಿನ ತಿಂಡಿ ಬಿಡುಗಡೆ ಮಾಡೋದು ಈಗಿನ ರೂಢಿ. ಹಿಂದೆ ಟಾಕೀಸ್ ಪೋಸ್ಟರ್ ಮೇಲೆ "ನಾಳೆಯಿಂದ" ಅಂತ ಪಟ್ಟಿ ಅಂಟಿಸ್ತಿದ್ರಲ್ಲ, ಅದೇ ಕೆಲಸ ಇದು.

ಆದ್ರೆ ಬಹಳ ಟೀಸರ್‌ಗಳು ಸಿನಿಮಾ ನೋಡಿ ಕಲಿತಂತೆ ಇರ್ತವೆ. ಕಪ್ಪು ಪರದೆ, ಜೋರು ಮ್ಯೂಸಿಕ್, "ಏನೋ ಬರ್ತಿದೆ, ಕಾಯಿರಿ" ಅನ್ನೋ ಅಕ್ಷರ. ಸ್ಟಾರ್ ಸಿನಿಮಾ ಆದ್ರೆ ಜನ ಕಾಯ್ತಾರೆ. ಪಕ್ಕದ ಬೀದಿಯವರು ಏನು ಮಾಡ್ತಿದ್ದಾರೆ ಅಂತ ಐದು ದಿನ ಯಾರೂ ತಲೆ ಕೆಡಿಸಿಕೊಳ್ಳಲ್ಲ. ತಿಂಡಿಯ ಟೀಸರ್ ಮಾಡಬೇಕಾದ ಕೆಲಸ ಬೇರೆ: ಎಣ್ಣೆ ಕಾಯಿಸೋ ಮೊದಲು ಎಷ್ಟು ಪ್ಯಾಕೆಟ್ ಹೋಗುತ್ತೆ ಅಂತ ತಿಳಿಸೋದು. ಹಾಗಾಗಿ ಸ್ಕ್ರಿಪ್ಟನ್ನು ಕೊನೇ ದಿನದಿಂದ ಹಿಂದಕ್ಕೆ ಬರೆಯಬೇಕು.

ಲೆಕ್ಕ ಮೊದಲು

ಒಂದು ಉದಾಹರಣೆ ಇಟ್ಕೊಳ್ಳೋಣ. ಕುವೆಂಪುನಗರದ ಒಂದು ಮನೆ. ಗಂಡ ಹೆಂಡತಿ ಇಬ್ಬರ ಕೈ, ಒಂದು ದೊಡ್ಡ ಬಾಣಲೆ. ದಿನಕ್ಕೆ 6 ಕೆಜಿ ಚಕ್ಕುಲಿ ಕರಿಯಬಹುದು ಅಂತ ಅಂದುಕೊಳ್ಳಿ. 200 ಗ್ರಾಂ ಲೆಕ್ಕದಲ್ಲಿ ಅದು 30 ಪ್ಯಾಕೆಟ್. ಶುಕ್ರವಾರ, ಶನಿವಾರ ಎರಡು ದಿನ ಕರಿದ್ರೆ 60. ಮುರಿದದ್ದಕ್ಕೆ, ರುಚಿ ತೋರಿಸೋದಕ್ಕೆ 10 ಬಿಟ್ಟು 50 ಮಾರಾಟಕ್ಕೆ. ಭಾನುವಾರ ಬೆಳಿಗ್ಗೆ 10ಕ್ಕೆ ಕೈಗೆ ಕೊಡೋದು.

ಇಲ್ಲಿಂದ ಹಿಂದಕ್ಕೆ ಬನ್ನಿ. ಶನಿವಾರದ ಬಾಣಲೆ ಇಡಬೇಕೋ ಬೇಡವೋ ಅಂತ ಶುಕ್ರವಾರ ರಾತ್ರಿ ತೀರ್ಮಾನ ಆಗಬೇಕು. ಅಂದ್ರೆ ಬುಕಿಂಗ್ ಶುಕ್ರವಾರ ಬೆಳಿಗ್ಗೆಯೇ ತೆರೆಯಬೇಕು. ಬೆಲೆ, ಹೆಸರು, ತೂಕ ಎಲ್ಲ ಅಷ್ಟರಲ್ಲಿ ಹೇಳಿ ಮುಗಿದಿರಬೇಕು. ಭಾನುವಾರದ ತನಕ ಹೆಸರು ಮುಚ್ಚಿಟ್ರೆ 60 ಪ್ಯಾಕೆಟ್ ಕುರುಡಾಗಿ ಕರಿದಂಗೆ. ಹೋಗದೆ ಉಳಿದ್ರೆ ಹಿಟ್ಟು, ಎಣ್ಣೆ, ಗ್ಯಾಸ್ ಮೂರೂ ಮನೆಯವರ ತಲೆ ಮೇಲೆ.

ಶುರು ಮಾಡೋ ಮುಂಚೆ ಎರಡು ವಿಷಯ. ಒಂದು, ಎಫ್‌ಎಸ್‌ಎಸ್‌ಎಐ ನೋಂದಣಿ. ಮನೇಲಿ ಮಾಡಿ ಮಾರೋರಿಗೂ ಇದು ಬೇಕು, foscos.fssai.gov.in ನಲ್ಲಿ ಅರ್ಜಿ ಹಾಕೋದು. 14 ಅಂಕಿಯ ನಂಬರ್ ಕೈಗೆ ಬಂದ ಮೇಲೆಯೇ ದಿನಾಂಕ ಹೇಳಿ. ಎರಡು, ಸ್ಟೇಟಸ್ ಕಾಣಿಸೋದು ನೀವೂ ಅವರೂ ಪರಸ್ಪರ ನಂಬರ್ ಸೇವ್ ಮಾಡಿಕೊಂಡಿದ್ರೆ ಮಾತ್ರ. ಬ್ರಾಡ್‌ಕಾಸ್ಟ್ ಕೂಡ ನಿಮ್ಮ ನಂಬರ್ ಸೇವ್ ಮಾಡಿದವರಿಗಷ್ಟೇ ತಲುಪುತ್ತೆ. ಹಾಗಾಗಿ ಹಿಂದಿನ ವಾರವೇ ಪರಿಚಯದವರಿಗೆಲ್ಲ "ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಹೇಳಿಬಿಡಿ.

ಐದು ಸ್ಕ್ರಿಪ್ಟ್

ನಿಯಮ ಒಂದೇ: ದಿನಕ್ಕೆ ಒಂದು ಪ್ರಶ್ನೆಗೆ ಉತ್ತರ ಕೊಡಿ, ಮಾರನೇ ದಿನಕ್ಕೆ ಒಂದು ಪ್ರಶ್ನೆ ಉಳಿಸಿ. ಒಂದೊಂದೂ 20 ಸೆಕೆಂಡ್ ಸಾಕು, ಒಂದೇ ಜಾಗ, ಒಂದೇ ದನಿ.

ಬುಧವಾರ. ಅಂಗೈಯಲ್ಲಿ ಕಾಳು ಮಾತ್ರ ಕಾಣಲಿ.
"ಇದು ಯಾವ ಧಾನ್ಯ ಹೇಳಿ ನೋಡೋಣ. ಸಾಮೆನಾ, ನವಣೆನಾ? ಇದರಲ್ಲಿ ನಮ್ಮನೇಲಿ ಒಂದು ಕುರುಕಲು ತಿಂಡಿ ಆಗ್ತಿದೆ. ಭಾನುವಾರ ಬೆಳಿಗ್ಗೆ 10ಕ್ಕೆ ಕೊಡ್ತೀವಿ. ಉತ್ತರ ಇಲ್ಲೇ ಕಳಿಸಿ."

ಸ್ಟೇಟಸ್‌ಗೆ ಬರೋ ಉತ್ತರ ನೇರ ನಿಮ್ಮ ಚಾಟ್‌ಗೆ ಬೀಳುತ್ತೆ. ಉತ್ತರ ಸರಿಯೋ ತಪ್ಪೋ ಮುಖ್ಯ ಅಲ್ಲ, ಮಾತು ಶುರುವಾಯ್ತು ಅನ್ನೋದು ಮುಖ್ಯ. ಶುಕ್ರವಾರ ಬೆಲೆ ಕಳಿಸೋಕೆ ನಿಮ್ಮ ಪಟ್ಟಿ ರೆಡಿ.

ಗುರುವಾರ. ಒರಳಿನಿಂದ ಒತ್ತುವಾಗ ತುಂಡಾದ ಚಕ್ಕುಲಿ, ಆಮೇಲೆ ಸರಿಯಾಗಿ ಸುತ್ತಿ ಬಂದ ಚಕ್ಕುಲಿ.
"ನಿನ್ನೆದು ನವಣೆ. ಬರೀ ನವಣೆ ಹಿಟ್ಟಲ್ಲಿ ಒತ್ತಿದ್ರೆ ಹೀಗೆ ಮುರಿಯುತ್ತೆ. ಅದಕ್ಕೆ ಹುರಿದ ಉದ್ದಿನ ಹಿಟ್ಟು, ಸ್ವಲ್ಪ ಹುರಿಗಡಲೆ ಹಿಟ್ಟು ಸೇರಿಸಿದ್ವಿ. ಈಗ ನೋಡಿ, ಸುತ್ತು ನಿಂತಿದೆ. ಖಾರ ಎಷ್ಟು, ಬೆಲೆ ಎಷ್ಟು? ನಾಳೆ ಬೆಳಿಗ್ಗೆ ಹೇಳ್ತೀವಿ."

ಮುರಿದದ್ದನ್ನು ತೋರಿಸೋಕೆ ಹಿಂಜರಿಯಬೇಡಿ. ಚಕ್ಕುಲಿ ಒತ್ತಿ ಗೊತ್ತಿರೋ ಹೆಂಗಸರು ಈ ವಿಡಿಯೋಗೇ ನಿಲ್ತಾರೆ. ಏನೇನು ಸೇರಿಸಿದ್ದೀರಿ ಅಂತ ಬಾಯಲ್ಲಿ ಹೇಳಿದ್ದು ಪ್ಯಾಕೆಟ್ ಮೇಲಿನ ಪಟ್ಟಿಗೆ ತಾಳೆ ಆಗಬೇಕು. ಲೇಬಲ್‌ನಲ್ಲಿ ತೂಕ ಹೆಚ್ಚಿರೋದು ಮೊದಲು, ಕಡಿಮೆ ಇರೋದು ಕೊನೆಗೆ ಬರೆಯೋದು ನಿಯಮ. ಅಕ್ಕಿ ಹಿಟ್ಟು ಮೊದಲ ಸಾಲಲ್ಲಿದ್ದು, ವಿಡಿಯೋದಲ್ಲಿ "ಪೂರಾ ನವಣೆ" ಅಂದ್ರೆ ಗಿರಾಕಿ ಮನೆಗೆ ಹೋಗಿ ಓದೇ ಓದ್ತಾರೆ.

ಶುಕ್ರವಾರ. ಫೋನ್ ಹತ್ತಿರ ಹಿಡಿದು ಚಕ್ಕುಲಿ ಮುರಿಯೋ ಸದ್ದು. ಹಾಡು ಬೇಡ, ಹಿಂದೆ ಮಿಕ್ಸಿ ಓಡೋದೂ ಬೇಡ.
"ನವಣೆ ಚಕ್ಕುಲಿ, ಮಧ್ಯಮ ಖಾರ. 200 ಗ್ರಾಂ, 90 ರೂಪಾಯಿ. ಒಟ್ಟು 50 ಪ್ಯಾಕೆಟ್ ಮಾತ್ರ. ಹೆಸರು, ಎಷ್ಟು ಪ್ಯಾಕೆಟ್ ಅಂತ ಕಳಿಸಿ. ಬುಕಿಂಗ್ ಇವತ್ತು ರಾತ್ರಿ 8ರವರೆಗೆ."

90 ಅನ್ನೋದು ಉದಾಹರಣೆಗೆ. ನಿಮ್ಮ ಎಣ್ಣೆ, ಹಿಟ್ಟು, ಗ್ಯಾಸ್, ಕವರ್, ಕೂಲಿ ಸೇರಿಸಿ ನಿಮ್ಮ ಬೆಲೆ ಹಾಕಿಕೊಳ್ಳಿ. "ಬೆಲೆಗೆ ಮೆಸೇಜ್ ಮಾಡಿ" ಅಂತ ಮಾತ್ರ ಹಾಕಬೇಡಿ. ಕೇಳೋಕೆ ಸಂಕೋಚಪಟ್ಟು ಅರ್ಧ ಜನ ಸುಮ್ಮನಾಗ್ತಾರೆ.

ಈ ದಿನ ಮಧ್ಯಾಹ್ನ ಮೊದಲ 30 ಪ್ಯಾಕೆಟ್ ಕರಿಯಿರಿ. ರಾತ್ರಿ 8ಕ್ಕೆ ಎಣಿಸಿ. 40 ದಾಟಿದ್ರೆ ಶನಿವಾರ ಪೂರ್ತಿ ಬಾಣಲೆ. 25ರ ಆಸುಪಾಸು ನಿಂತಿದ್ರೆ ಅರ್ಧ ಮಾತ್ರ. 10 ಕೂಡ ಬರಲಿಲ್ಲ ಅಂದ್ರೆ ಶನಿವಾರ ಒಲೆ ಹಚ್ಚಬೇಡಿ, ಇರೋ 30 ಮಾರಿದ್ರೆ ಸಾಕು. ಇದಕ್ಕೇ ಐದು ದಿನ ಕಷ್ಟಪಟ್ಟಿದ್ದು.

ಶನಿವಾರ. ಬಟ್ಟೆ ಮೇಲೆ ಹರಡಿದ ಚಕ್ಕುಲಿ, ಆಮೇಲೆ ಸೀಲ್ ಆಗ್ತಿರೋ ಪ್ಯಾಕೆಟ್, ಅದರ ಮೇಲಿನ ದಿನಾಂಕ.
"ಬಿಸಿ ಪೂರ್ತಿ ಆರಿದ ಮೇಲೇ ಪ್ಯಾಕ್. ಬಿಸಿಲಿ ಹಾಕಿದ್ರೆ ಒಳಗೆ ಹಬೆ ಕೂತು ಮೆತ್ತಗಾಗುತ್ತೆ. 50ರಲ್ಲಿ 31 ಬುಕ್ ಆಗಿದೆ, 19 ಉಳಿದಿದೆ. ನಾಳೆ 10 ಗಂಟೆಗೆ ಸಿಗೋಣ."

ಇಲ್ಲಿ ಹೇಳೋ ಸಂಖ್ಯೆ ನಿಜ ಇರಬೇಕು. ಅರ್ಧ ಬಾಣಲೆ ಕರಿದಿದ್ರೆ 50 ಅನ್ನಬೇಡಿ, ಇರೋದನ್ನೇ ಹೇಳಿ. "ಬರೀ ಮೂರೇ ಉಳಿದಿದೆ" ಅಂತ ಹಾಕಿ, ಭಾನುವಾರ ಸಂಜೆ ಪಕ್ಕದ ಮನೆಯವರಿಗೆ ಮೇಜಿನ ಮೇಲೆ 20 ಕಂಡ್ರೆ ಮುಂದಿನ ಸಲ ನಿಮ್ಮ ಎಣಿಕೆ ಯಾರೂ ನಂಬಲ್ಲ. ನಮ್ಮ ಬಡಾವಣೆಗಳಲ್ಲಿ ಸುದ್ದಿ ಹರಡೋಕೆ ಒಂದು ವಾಕಿಂಗ್ ಸಾಕು.

ಭಾನುವಾರ, ಬೆಳಿಗ್ಗೆ 7ಕ್ಕೆ. ಮನೆ ಗೇಟು, ಮೇಜು, ಪ್ಯಾಕೆಟ್.
"ನವಣೆ ಚಕ್ಕುಲಿ ರೆಡಿ. 10ರಿಂದ 1 ಗಂಟೆ, ಈ ಗೇಟ್ ಹತ್ತಿರ. ಬುಕ್ ಮಾಡಿದವರ ಪ್ಯಾಕೆಟ್ 1ರವರೆಗೆ ಇಟ್ಟಿರ್ತೀವಿ. ಆಮೇಲೆ ಬೇರೆಯವರಿಗೆ."

ಕೊನೇ ವಾಕ್ಯ ಬಿಡಬೇಡಿ. ದುಡ್ಡು ಕೊಡದೆ ಬುಕ್ ಮಾಡಿದವರಲ್ಲಿ ಕೆಲವರು ಬರೋದೇ ಇಲ್ಲ, ಗಡುವು ಹೇಳಿದ್ರೆ ಕಾದು ಕೂರೋದು ತಪ್ಪುತ್ತೆ.

ಎಲ್ಲಿ ಎಡವೋದು

ಮೊದಲನೇದು ಎಣಿಕೆಯ ಗೊಂದಲ. ಸ್ಟೇಟಸ್ 24 ಗಂಟೆ ಇರುತ್ತೆ. ಗುರುವಾರ ರಾತ್ರಿ 8ಕ್ಕೆ "ಇನ್ನು 3 ದಿನ" ಅಂತ ಹಾಕಿದ್ದನ್ನು ಒಬ್ಬರು ಶುಕ್ರವಾರ ಸಂಜೆ ನೋಡ್ತಾರೆ, ಸೋಮವಾರ ಅಂದುಕೊಳ್ತಾರೆ. ಮೇಲಿನ ಸ್ಕ್ರಿಪ್ಟ್‌ಗಳಲ್ಲಿ "ಇನ್ನು ಇಷ್ಟು ದಿನ" ಅನ್ನೋದು ಇಲ್ಲದಿರೋದು ಅದಕ್ಕೇ. ಅಂಕಿ ಬೇಕೇ ಬೇಕು ಅಂದ್ರೆ ಜೊತೆಗೆ ವಾರ, ತಾರೀಖು ಬರೆಯಿರಿ. ಬೆಳಿಗ್ಗೆ 7ಕ್ಕೆ ಹಾಕಿ, ಮಾರನೇ ದಿನದ್ದು ಹಾಕುವಾಗ ಹಳೇದನ್ನು ಅಳಿಸಿ.

ಎರಡನೇದು ಆರೋಗ್ಯದ ಮಾತು. "ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ನಿ", "ತೂಕ ಇಳಿಯುತ್ತೆ" ಅಂತ ಸೇರಿಸೋದು ಬಹಳ ಸುಲಭ. ನವಣೆ ಆದ್ರೂ ಚಕ್ಕುಲಿ ಎಣ್ಣೆಯಲ್ಲಿ ಕರಿದದ್ದು. ಆಹಾರದ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಾವಳಿ ಇದೆ. ಕಾಯಿಲೆ ವಾಸಿ ಮಾಡುತ್ತೆ ಅನ್ನೋ ಥರದ ಮಾತಿಗೆ ಅದರಲ್ಲಿ ಜಾಗ ಇಲ್ಲ. ಕೇಳಿದವರಿಗೆ ಏನೇನು ಹಾಕಿದ್ದೀವಿ ಅಂತ ಹೇಳಿ, ಅಷ್ಟಕ್ಕೇ ನಿಲ್ಲಿಸಿ.

ಮೂರನೇದು "ಎಷ್ಟು ದಿನ ಇರುತ್ತೆ?" ಅನ್ನೋ ಪ್ರಶ್ನೆ. ಇದು ಬುಧವಾರವೇ ಬರುತ್ತೆ, ಉತ್ತರ ಅದಕ್ಕೂ ಮೊದಲೇ ಗೊತ್ತಿರಬೇಕು. ಟೀಸರ್‌ಗೆ ಕೆಲವು ವಾರ ಮುಂಚೆ ಅದೇ ಎಣ್ಣೆ, ಅದೇ ಕವರ್‌ನಲ್ಲಿ ಏಳೆಂಟು ಪ್ಯಾಕೆಟ್ ಮಾಡಿ ಇಡಿ. ನಾಲ್ಕೈದು ದಿನಕ್ಕೊಂದು ಒಡೆದು ನೋಡಿ. ಮೊದಲು ಗರಿ ಹೋಗುತ್ತೆ, ಆಮೇಲೆ ಕಮಟು ವಾಸನೆ ಬರುತ್ತೆ. ಮಳೆಗಾಲದಲ್ಲಿ ಎರಡೂ ಬೇಗ. ಕೆಟ್ಟ ದಿನಕ್ಕಿಂತ ಸಾಕಷ್ಟು ಹಿಂದಿನ ದಿನವನ್ನೇ ಹೇಳಿ. ಇದು ಮನೆಯ ಅಂದಾಜು ಅಷ್ಟೇ. ದೊಡ್ಡದಾಗಿ ಮಾಡೋ ಆಸೆ ಇದ್ರೆ ಸರಿಯಾದ ಪರೀಕ್ಷೆ ಬೇಕು. ಆಹಾರ ಸಂಶೋಧನೆಗೆ ಸಿಎಫ್‌ಟಿಆರ್‌ಐ ನಮ್ಮೂರಲ್ಲೇ ಇದೆ, ಹೋಗಿ ವಿಚಾರಿಸಬಹುದು.

ಅಂಗಡಿಯವರಿಗೆ

ಇಂಥ ತಿಂಡಿ ನಿಮ್ಮ ಅಂಗಡಿಗೆ ಬಂದ್ರೆ ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ. 14 ಅಂಕಿ ನಂಬರ್, ತಯಾರಿಸಿದವರ ವಿಳಾಸ, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನಾಂಕ, ಹಸಿರು ಚುಕ್ಕೆ ಇರಬೇಕು. ಇಲ್ಲದ್ದನ್ನು ಇಟ್ಟು ಮಾರಿದ್ರೆ ತೊಂದರೆ ನಿಮಗೂ ಬರುತ್ತೆ. ಉಳಿದದ್ದು ವಾಪಸ್ ತಗೋತಾರಾ, ಎಷ್ಟು ದಿನಕ್ಕೆ ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ.

ಮಾಡೋರಿಗೆ ಒಂದು ಮಾತು: ಅಂಗಡಿಯವರು ಒಪ್ಪೋ ಮೊದಲು ಅವರ ಹೆಸರು ಟೀಸರ್‌ನಲ್ಲಿ ಹೇಳಬೇಡಿ. ಮನೇಲಿ 90ಕ್ಕೆ ಮಾರಿ ಅಂಗಡಿಗೆ 100 ಎಂಆರ್‌ಪಿ ಹಾಕಿದ್ರೆ ಗಿರಾಕಿ ಜಗಳ ಆಡೋದು ಅಂಗಡಿಯವರ ಹತ್ತಿರ. ಎರಡೂ ಕಡೆ ಒಂದೇ ಬೆಲೆ ಇರಲಿ, ಅಂಗಡಿಯ ಪಾಲು ಅದರೊಳಗೇ ಇರಲಿ. ಮೊದಲ ಭಾನುವಾರ ಗೇಟ್ ಹತ್ತಿರ ಮಾರಿ, ಸೋಮವಾರ ಅಂಗಡಿಗೆ ಎರಡು ಸ್ಯಾಂಪಲ್ ಕೊಡಿ. ಜೊತೆಗೆ ಐದು ದಿನದ ಬುಕಿಂಗ್ ಪಟ್ಟಿ ತೋರಿಸಿ. ಎಷ್ಟು ಜನ ನೋಡಿದ್ರು ಅನ್ನೋದಕ್ಕಿಂತ ಎಷ್ಟು ಜನ ದುಡ್ಡು ಕೊಟ್ಟು ತಗೊಂಡ್ರು ಅನ್ನೋದನ್ನೇ ಅಂಗಡಿಯವರು ಕೇಳೋದು.