ವಿಡಿಯೊ ಫೈಲಿನ ಹೆಸರನ್ನು ಓದುವವರು ಯಾರು?

ಯೂಟ್ಯೂಬ್‌ಗೆ ಹಾಕುವ ಮುನ್ನ ಫೈಲಿಗೆ `jolada-rotti-recipe.mp4` ಎಂದು ಹೆಸರಿಟ್ಟರೆ ಹುಡುಕಾಟದಲ್ಲಿ ವಿಡಿಯೊ ಮೇಲೆ ಬರುತ್ತದಂತೆ. ಹೊಸದಾಗಿ ಚಾನೆಲ್ ಶುರು ಮಾಡಿದವರ ಕಿವಿಗೆ ಈ ಸಲಹೆ ಬೀಳದೇ ಇರದು. ನನಗಂತೂ ಇದರಲ್ಲಿ ನಂಬಿಕೆಯಿಲ್ಲ.

ನೀವು ಕೊಟ್ಟ ಫೈಲನ್ನು ಯೂಟ್ಯೂಬ್ ಹಾಗೆಯೇ ನೋಡುಗರಿಗೆ ತಲುಪಿಸುವುದಿಲ್ಲ. 360p, 720p, 1080p ಎಂದು ಬೇರೆ ಬೇರೆ ಅಳತೆಯಲ್ಲಿ ಹೊಸ ಪ್ರತಿಗಳನ್ನು ತಯಾರಿಸಿ, ವಿಡಿಯೊಗೆ 11 ಅಕ್ಷರಗಳ ಗುರುತು ಕೊಡುತ್ತದೆ. ಲಿಂಕಿನಲ್ಲಿ ಕಾಣುವುದು ಆ ಗುರುತು. ಮೂಲ ಹೆಸರು ಸ್ಟುಡಿಯೊದಲ್ಲಿ ಚಾನೆಲ್‌ನವರಿಗೆ ಕಾಣುತ್ತದೆಯೇ ಹೊರತು ನೋಡುಗರಿಗಲ್ಲ. ಹುಡುಕಾಟದ ಬಗ್ಗೆ ಯೂಟ್ಯೂಬ್ ತಾನೇ ಹೇಳುವುದು ಶೀರ್ಷಿಕೆ, ವಿವರಣೆ ಮತ್ತು ವಿಡಿಯೊದೊಳಗಿನ ವಿಷಯದ ಮಾತು.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಶೀರ್ಷಿಕೆ ಬರೆಯದೆ ಬಿಟ್ಟರೆ ಫೈಲಿನ ಹೆಸರೇ ಶೀರ್ಷಿಕೆಯಾಗಿ ಕೂರುತ್ತದೆ. ಹಿಂದೆ ಐಫೋನಿನಲ್ಲಿ ನೇರವಾಗಿ ಯೂಟ್ಯೂಬ್‌ಗೆ ಕಳಿಸುವ ಗುಂಡಿ ಇತ್ತು. ಆಗ ಏರಿದ ಎಷ್ಟೋ ವಿಡಿಯೊಗಳು ಇಂದಿಗೂ `IMG 0001` ಥರದ ಹೆಸರಿನಲ್ಲೇ ಉಳಿದಿವೆ; ವಿಷಯದ ಪದಗಳಿಂದ ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ಕೊರತೆ ಶೀರ್ಷಿಕೆಯದು. ಅನುಮಾನವಿದ್ದರೆ ಅರ್ಥವಿಲ್ಲದ ಎರಡು ಪದ ಹುಟ್ಟಿಸಿ, ಒಂದನ್ನು ಫೈಲಿನ ಹೆಸರಿನಲ್ಲಿ, ಇನ್ನೊಂದನ್ನು ಶೀರ್ಷಿಕೆಯಲ್ಲಿ ಮಾತ್ರ ಇಟ್ಟು ಸಾರ್ವಜನಿಕವಾಗಿ ಪ್ರಕಟಿಸಿ. ಕೆಲವು ದಿನ ಬಿಟ್ಟು ಎರಡನ್ನೂ ಹುಡುಕಿ, ಯಾವುದರಿಂದ ನಿಮ್ಮ ವಿಡಿಯೊ ಸಿಗುತ್ತದೆ ನೋಡಿ.

ಹೆಸರಿಡುವುದೇ ದಂಡ ಎಂದಲ್ಲ, ಅದರ ಉಪಯೋಗ ನಮಗೆ. ಆರು ತಿಂಗಳ ನಂತರ ರೊಟ್ಟಿಯ ವಿಡಿಯೊ ಬೇಕಾದಾಗ `final`, `final2`, `final-new` ಎಂಬ ಮೂರರಲ್ಲಿ ಯಾವುದು ಸರಿ? ನಾನು ಒಪ್ಪುವ ರೀತಿ ಇದು:

```
2025-03-14_jolada-rotti_v02.mp4
```

ಇಸವಿ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ತಿದ್ದಿದಾಗಲೆಲ್ಲ `v03`, `v04` ಎನ್ನುತ್ತಾ ಹೋದರಾಯಿತು. ಕನ್ನಡದಲ್ಲೂ ಹೆಸರಿಡಬಹುದು, ಆದರೆ ಚಿಕ್ಕದಾಗಿರಲಿ: ಆಂಡ್ರಾಯ್ಡ್, ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಮಿತಿ 255 ಬೈಟ್, ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ನುಂಗುತ್ತದೆ. ವಿಂಡೋಸ್‌ನಲ್ಲಿ `:` ಮತ್ತು `?` ಹೆಸರಿಗೆ ನಡೆಯುವುದಿಲ್ಲ.

ಎಡಿಟಿಂಗ್ ಮುಗಿಸಿ ಹೊರತೆಗೆದ ಫೈಲಿಗೆ ಮಾತ್ರ ಹೊಸ ಹೆಸರಿಡಿ. ಕ್ಯಾಮೆರಾದಿಂದ ಬಂದ ಮೂಲ ಫೈಲುಗಳ ಹೆಸರನ್ನು ಎಡಿಟಿಂಗ್ ನಡುವೆ ಬದಲಿಸಿದರೆ ಸಾಫ್ಟ್‌ವೇರ್‌ಗೆ ಅವು ಸಿಗದೆ ಟೈಮ್‌ಲೈನ್ ಖಾಲಿ ಹೊಡೆಯುತ್ತದೆ. ಗೋಪ್ರೊ ಉದ್ದದ ಚಿತ್ರೀಕರಣವನ್ನು `GX010123`, `GX020123` ಎಂದು ತುಂಡು ಮಾಡಿಡುತ್ತದೆ. ಹೆಸರು ಕೆಡಿಸಿದರೆ ಯಾವ ತುಂಡಿನ ಮುಂದೆ ಯಾವುದು ಎಂಬ ಸುಳಿವೂ ಹೋಗುತ್ತದೆ.

ಮದುವೆ ವಿಡಿಯೊ ಮಾಡುವವರಿಗೆ ಇನ್ನೊಂದು ಮಾತು. ಫೈಲಿನ ಹೆಸರಿನಲ್ಲಿ ಗಿರಾಕಿಯ ಹೆಸರೋ ಫೋನ್ ನಂಬರೋ ಇದ್ದು, ಶೀರ್ಷಿಕೆಯ ಜಾಗವನ್ನು ಮುಟ್ಟದೆ ಪ್ರಕಟಿಸಿದರೆ ಅದು ಊರಿಗೆಲ್ಲ ಕಾಣುತ್ತದೆ. ಪ್ರಕಟಿಸುವ ಗುಂಡಿ ಒತ್ತುವ ಮೊದಲು ಆ ಜಾಗವನ್ನೊಮ್ಮೆ ಓದಿ.