ದೋರಗಾಯಿಗೆ ಯಾವ ಕ್ರೇಟು?

ಕಾಯಿ, ದೋರಗಾಯಿ, ಹಣ್ಣು. ಕನ್ನಡದಲ್ಲಿ ಮೂರು ಮಾತುಗಳಿವೆ. ಟೊಮೆಟೊ ವಿಂಗಡಿಸುವ ಯಂತ್ರಕ್ಕೆ ಎರಡೇ ದಾರಿ: ಈ ಕ್ರೇಟು, ಇಲ್ಲವೇ ಆ ಕ್ರೇಟು. ಕೋಲಾರದಿಂದ ದೂರದ ರಾಜ್ಯಕ್ಕೆ ಲಾರಿ ಹತ್ತುವ ಟೊಮೆಟೊ ಇನ್ನೂ ಗಟ್ಟಿಯಾಗಿರಬೇಕು, ಪೂರ್ತಿ ಕೆಂಪಾದದ್ದು ಹತ್ತಿರದ ಪೇಟೆಗೇ ಹೋಗಬೇಕು. ಓಡುವ ಬೆಲ್ಟಿನ ಮೇಲೆ ಕ್ಯಾಮೆರಾ ಇಟ್ಟು ಈ ಕೆಲಸ ಮಾಡಿಸಬೇಕಾದರೆ, ಮೊದಲು ಕಂಪ್ಯೂಟರಿಗೆ ಸಾವಿರಾರು ಫೋಟೊ ತೋರಿಸಿ ‘ಇದು ಕಾಯಿ, ಇದು ಹಣ್ಣು’ ಎಂದು ಒಂದೊಂದಕ್ಕೂ ಚೀಟಿ ಹಚ್ಚಿ ಕಲಿಸಬೇಕು.

ಅಪ್ಪಟ ಹಸಿರು, ಅಪ್ಪಟ ಕೆಂಪು ಟೊಮೆಟೊಗಳಲ್ಲಿ ಜಗಳವಿಲ್ಲ. ಜಗಳವೆಲ್ಲ ದೋರಗಾಯಿಯದು. ಅಮೆರಿಕದ ಕೃಷಿ ಇಲಾಖೆಯ ಮಾನದಂಡ ಟೊಮೆಟೊ ಬಣ್ಣವನ್ನು 6 ಹಂತಗಳಾಗಿ ಒಡೆಯುತ್ತದೆ. ಸಿಪ್ಪೆಯ ಶೇ. 10, 30, 60, 90ರಷ್ಟು ಭಾಗ ಬಣ್ಣ ತಿರುಗಿದಾಗ ಹಂತ ಬದಲಾಗುತ್ತದೆ. ನಮ್ಮ ಕೆಲಸಕ್ಕೆ ಒಂದೇ ಗೆರೆ ಸಾಕು. ಶೇ. 60 ದಾಟಿದರೆ ಹಣ್ಣು ಎಂದು ಇಟ್ಟುಕೊಳ್ಳೋಣ. ಆದರೆ ಗೆರೆಯ ಆಚೀಚೆಯ ಫೋಟೊಗಳೇ ಹೆಚ್ಚು ಬೇಕು. ಸಮತೋಲ ಎಂದರೆ ಎರಡು ರಾಶಿಗಳ ಲೆಕ್ಕ ಸರಿಹೋಗುವುದಷ್ಟೇ ಅಲ್ಲ. ಹಚ್ಚಹಸಿರು ಸಾವಿರ, ಕಡುಗೆಂಪು ಸಾವಿರ ಸೇರಿಸಿದರೆ ಲೆಕ್ಕವೇನೋ ಸರಿ, ಯಂತ್ರ ಕಷ್ಟದ್ದೇನನ್ನೂ ಕಲಿತಿರುವುದಿಲ್ಲ.

ಚೀಟಿಯನ್ನು ಫೋಟೊ ನೋಡಿ ಹಚ್ಚಬಾರದು. ಪರದೆಯ ಬಣ್ಣ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ, ಮೇಲಾಗಿ ಫೋಟೊದಲ್ಲಿ ಕಾಣುವುದು ಒಂದೇ ಮಗ್ಗುಲು. ನೆಲಕ್ಕೆ ತಾಗಿದ್ದ ಕಡೆ ಹಸಿರು, ಇನ್ನೊಂದು ಕಡೆ ಕೆಂಪು ಇರುವ ಟೊಮೆಟೊ ಬೇಕಾದಷ್ಟು ಸಿಗುತ್ತವೆ. ಆದ್ದರಿಂದ ಪ್ರತಿ ಟೊಮೆಟೊಗೂ ಒಂದು ನಂಬರು ಕೊಟ್ಟು, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಇಬ್ಬರು ಬೇರೆಬೇರೆಯಾಗಿ ತೀರ್ಪು ಬರೆಯಬೇಕು. ಆ ಗಂಟೆಯಲ್ಲೇ ನಾಲ್ಕು ಮಗ್ಗುಲ ಫೋಟೊ ತೆಗೆಯಬೇಕು, ನಾಳೆಗೆ ಬಿಟ್ಟರೆ ಬಣ್ಣ ತಿರುಗಿರುತ್ತದೆ. ನಾಲ್ಕಕ್ಕೂ T0417_1.jpg, T0417_2.jpg ಎಂಬಂತೆ ಹೆಸರಿಡಬೇಕು, ಈ ನಂಬರು ಮುಂದೆ ಬೇಕಾಗುತ್ತದೆ. ಇಬ್ಬರ ತೀರ್ಪು ಬೇರೆಯಾದ ಟೊಮೆಟೊಗಳನ್ನು ಎಸೆಯದೆ ಪಕ್ಕಕ್ಕಿಟ್ಟು ಮೂರನೆಯವರಿಗೆ ತೋರಿಸಬೇಕು. ಮನುಷ್ಯರೇ ಪದೇಪದೇ ತಕರಾರು ಮಾಡಿಕೊಳ್ಳುತ್ತಿದ್ದರೆ ತಪ್ಪು ಅವರದಲ್ಲ, ಗೆರೆಯನ್ನು ಬಿಡಿಸಿ ಹೇಳಿಲ್ಲವೆಂದೇ ಅರ್ಥ.

ಇನ್ನು ಬೆಳಕು. ಬೆಳಿಗ್ಗೆ ಕಾಯಿಗಳ ಲೋಡು ಬಂತು, ಸಂಜೆ ಹಣ್ಣಿನ ಲೋಡು ಬಂತು, ಎರಡನ್ನೂ ಬಂದ ಹಾಗೇ ತೆಗೆದಿರಿ ಎನ್ನೋಣ. ಯಂತ್ರ ಟೊಮೆಟೊ ಬದಲು ಬೆಳಗು ಬೈಗಿನ ಬೆಳಕನ್ನು ಕಲಿಯುತ್ತದೆ! ಪರೀಕ್ಷೆಯಲ್ಲಿ ನೂರಕ್ಕೆ ನೂರು, ಮರುದಿನ ಬೆಲ್ಟಿನ ಮೇಲೆ ಫಜೀತಿ. ಅದಕ್ಕೇ ಕ್ಯಾಮೆರಾ ಸುತ್ತ ಹೊರಬೆಳಕು ಬಾರದ ಗೂಡು ಕಟ್ಟಿ, ಒಳಗೆ ಎಲ್‌ಇಡಿ ಹಾಕಿ, ಕ್ಯಾಮೆರಾ ತಾನೇ ಬಣ್ಣ ತಿದ್ದಿಕೊಳ್ಳುವ ಸೌಕರ್ಯವನ್ನು ಬಂದ್ ಮಾಡುತ್ತಾರೆ. ಪ್ರತಿ ಲೋಡಿನಲ್ಲೂ ಕಾಯಿ, ಹಣ್ಣು ಎರಡನ್ನೂ ಬೆರೆಸಿ ಬಿಡುತ್ತಾರೆ. ಬೆಲ್ಟು ನೀಲಿಯಾದರೆ ಒಳ್ಳೆಯದು, ನೀಲಿ ಟೊಮೆಟೊ ಯಾರ ಹೊಲದಲ್ಲೂ ಇಲ್ಲ. ಫೋಟೊ ಓಡುವ ಬೆಲ್ಟಿನ ಮೇಲೇ ತೆಗೆಯಬೇಕು. ಬೆಲ್ಟು ಸೆಕೆಂಡಿಗೆ ಅರ್ಧ ಮೀಟರ್ ಓಡುವಾಗ ಕ್ಯಾಮೆರಾದ ಕಣ್ಣು ಸೆಕೆಂಡಿನ 50ನೇ ಒಂದು ಭಾಗ ತೆರೆದಿದ್ದರೂ ಟೊಮೆಟೊ 10 ಮಿ.ಮೀ. ಸರಿದು ಬಣ್ಣ ಕಲಸಿಹೋಗುತ್ತದೆ. ಸಾವಿರದ ಒಂದು ಭಾಗಕ್ಕಿಳಿಸಿದರೆ ಸರಿಯುವುದು ಅರ್ಧ ಮಿ.ಮೀ. ಮಾತ್ರ.

ಹಣ್ಣಿನ ಕಾಲದಲ್ಲಿ ಕಾಯಿಯ ಫೋಟೊ ಕಡಿಮೆ ಬಿದ್ದರೆ ಇದ್ದದ್ದನ್ನೇ ನಕಲು ಮಾಡಿ ರಾಶಿ ಬೆಳೆಸುವವರಿದ್ದಾರೆ. ಅದು ಹಾಲಿಗೆ ನೀರು ಬೆರೆಸಿದಂತೆ. ನನಗೆ ಮೆಚ್ಚಿಗೆಯಾದ ಉಪಾಯ ಬೇರೆ. ಬಣ್ಣ ತಿರುಗತೊಡಗಿದ ಕಾಯಿಗಳನ್ನೇ ತಂದು, ಕ್ರೇಟಿನಲ್ಲಿ ಹಣ್ಣಾಗಲು ಬಿಟ್ಟು, ದಿನವೂ ಬೆಲ್ಟಿನ ಮೇಲೆ ಓಡಿಸಿ ಫೋಟೊ ತೆಗೆದು, ಆ ದಿನದ ತೀರ್ಪನ್ನು ಆ ದಿನವೇ ಬರೆಯುವುದು. ಅದೇ ಆಕಾರ, ಅದೇ ಮಚ್ಚೆ, ಬದಲಾಗಿದ್ದು ಮಾಗುವಿಕೆ ಒಂದೇ. ದೋರಗಾಯಿಯೂ ದಂಡಿಯಾಗಿ ಸಿಗುತ್ತದೆ. ಆದರೆ ಒಂದು ನಂಬರಿನ ಟೊಮೆಟೊದ ಎಲ್ಲ ಫೋಟೊ, ಎಲ್ಲ ದಿನದವೂ, ಒಂದೇ ಕಡೆ ಇರಬೇಕು: ಕಲಿಕೆಗಾದರೆ ಕಲಿಕೆಗೆ, ಪರೀಕ್ಷೆಗಾದರೆ ಪರೀಕ್ಷೆಗೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಹಂಚಿದರೆ ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ.

ಕಲಿಸುವಾಗ ಅರ್ಧ ಅರ್ಧ ಸರಿ, ಕೊನೆಯ ಪರೀಕ್ಷೆಗೆ ಮಾತ್ರ ಮಾರುಕಟ್ಟೆಯ ನಿಜವಾದ ಪಾಲೇ ಬೇಕು. 10,000 ಟೊಮೆಟೊಗಳಲ್ಲಿ 500 ಮಾತ್ರ ಕಾಯಿ, ಯಂತ್ರ ಎರಡರಲ್ಲೂ ನೂರಕ್ಕೆ 95 ಸರಿ ಹೇಳುತ್ತದೆ ಎನ್ನಿ. ಅದು 475 ಕಾಯಿಗಳನ್ನು ಹಿಡಿಯುತ್ತದೆ. ಜೊತೆಗೆ 9,500 ಹಣ್ಣುಗಳಲ್ಲಿ 475ನ್ನು ಕಾಯಿ ಎಂದು ತಳ್ಳುತ್ತದೆ. ದೂರದ ಲಾರಿಗೆ ತುಂಬಿದ ಕ್ರೇಟುಗಳಲ್ಲಿ ಅರ್ಧ ಹಣ್ಣೇ.