ಸೋಂ, ಸಾ, ಸೇ: ಒಡೆಯನ ಲಿಂಗವನ್ನು ಹೇಳದ ಷಷ್ಠಿ

ಫ್ರೆಂಚಿನಲ್ಲಿ ‘ಪೇರ್’ ಎಂದರೆ ತಂದೆ, ‘ಮೇರ್’ ಎಂದರೆ ತಾಯಿ. ಸೋಫಿಯ ತಂದೆ ‘ಸೋಂ ಪೇರ್’, ಪೋಲ್‌ನ ತಂದೆಯೂ ‘ಸೋಂ ಪೇರ್’. ಇಬ್ಬರಲ್ಲಿ ಯಾರ ತಾಯಿಯಾದರೂ ‘ಸಾ ಮೇರ್’. ಕನ್ನಡದ ‘ಅವನ’, ‘ಅವಳ’ ಎಂಬ ರೂಪಗಳು ಒಡೆಯ ಗಂಡೋ ಹೆಣ್ಣೋ ಎಂಬುದನ್ನು ಹೇಳುತ್ತವೆ. ಫ್ರೆಂಚಿನ ಸೋಂ ಮತ್ತು ಸಾ ಹೇಳುವುದು ಮುಂದಿನ ನಾಮಪದದ ಲಿಂಗವನ್ನು: ಪುಲ್ಲಿಂಗಕ್ಕೆ ಸೋಂ, ಸ್ತ್ರೀಲಿಂಗಕ್ಕೆ ಸಾ, ಬಹುವಚನಕ್ಕೆ ಲಿಂಗ ಯಾವುದಾದರೂ ಸೇ. ಅಲ್ಲಿ ವಸ್ತುಗಳಿಗೂ ಲಿಂಗವುಂಟು. ಪುಸ್ತಕ ಪುಲ್ಲಿಂಗವಾದ್ದರಿಂದ ‘ಸೋಂ ಲೀವ್ರ್’, ಕೋಣೆ ಸ್ತ್ರೀಲಿಂಗವಾದ್ದರಿಂದ ‘ಸಾ ಶಾಂಬ್ರ್’.

ಹಿಂದಿ ಬಲ್ಲವರಿಗೆ ಇದು ಹೊಸತಲ್ಲ. ‘ಉಸ್‌ಕಾ ಭಾಯಿ’, ‘ಉಸ್‌ಕೀ ಬೆಹನ್’ ಎನ್ನುವಾಗಲೂ ‘ಕಾ’, ‘ಕೀ’ ಬದಲಾಗುವುದು ಅಣ್ಣ, ತಂಗಿ ಎಂಬ ಪದಗಳಿಗೆ ತಕ್ಕಂತೆ. ಅವರು ಯಾರಿಗೆ ಸೇರಿದವರು ಎಂಬುದನ್ನು ಅನುಸರಿಸಿ ಅಲ್ಲ.

ಈ ನಡೆಯ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಎರಡು ಬಗೆಯ ಪದಗಳಿದ್ದವು. ‘ಸುವುಸ್’ ಎಂಬುದಕ್ಕೆ ಕನ್ನಡದ ‘ತನ್ನ’ ಎಂಬ ಅರ್ಥ. ಅದು ವಿಶೇಷಣವಾದ್ದರಿಂದ ಉಳಿದ ವಿಶೇಷಣಗಳಂತೆಯೇ ಮುಂದಿನ ನಾಮಪದದ ಲಿಂಗ, ವಚನಗಳಿಗೆ ಹೊಂದಿಕೊಳ್ಳುತ್ತಿತ್ತು. ಬೇರೊಬ್ಬರದು ಎನ್ನಲು ‘ಎಯುಸ್’ ಇತ್ತು. ಅದು ಸರ್ವನಾಮದ ಷಷ್ಠೀರೂಪವಾದ್ದರಿಂದ ನಾಮಪದ ಯಾವುದಿದ್ದರೂ ಬದಲಾಗುತ್ತಿರಲಿಲ್ಲ. ಕಾಲಕ್ರಮೇಣ ಫ್ರೆಂಚಿನಲ್ಲಿ ಎಯುಸ್ ಅಳಿದು, ಎರಡೂ ಕೆಲಸ ಸುವುಸ್‌ನ ಸಂತತಿಯಾದ ಸೋಂ, ಸಾ, ಸೇಗಳ ಪಾಲಿಗೆ ಬಂತು. ವಿಶೇಷಣದ ಗುಣವನ್ನು ಅವು ಬಿಡಲಿಲ್ಲ. ‘ಅವರ’ ಎಂಬರ್ಥದ ‘ಲರ್’ ಮಾತ್ರ ‘ಇಲ್ಲೋರುಮ್’ ಎಂಬ ಷಷ್ಠೀರೂಪದಿಂದ ಬಂದದ್ದು. ಆದ್ದರಿಂದಲೇ ಅದಕ್ಕೆ ಇಂದಿಗೂ ಲಿಂಗಭೇದವಿಲ್ಲ.

ಕಲಿಯುವವರು ಎಡವುವ ಇನ್ನೊಂದು ಜಾಗವಿದೆ. ‘ಎಕೋಲ್’, ಅಂದರೆ ಶಾಲೆ, ಸ್ತ್ರೀಲಿಂಗ. ಆದರೂ ‘ಸೋನ್ ಎಕೋಲ್’ ಎನ್ನಬೇಕು. ಪದ ಸ್ವರದಿಂದ ಆರಂಭವಾದರೆ ಸಾ ಬದಲು ಸೋಂ ಬರುತ್ತದೆ. ಇದು ಉಚ್ಚಾರಣೆಯ ಹೊಂದಾಣಿಕೆಯೇ ಹೊರತು ಶಾಲೆ ಪುಲ್ಲಿಂಗವಾಗುವುದಿಲ್ಲ. ನಡುವೆ ‘ಹೊಸ’ ಎಂಬ ಪದ ಬಂದೊಡನೆ ‘ಸಾ ನುವೆಲ್ ಎಕೋಲ್’ ಎಂದು ಸಾ ಮರಳುವುದೇ ಇದಕ್ಕೆ ಸಾಕ್ಷಿ.

ಒಡೆಯನ ಲಿಂಗ ಕಾಣದಿರುವುದರಿಂದ ಕೆಲವೊಮ್ಮೆ ಅರ್ಥ ಕವಲೊಡೆಯುತ್ತದೆ. ‘ಸಾ ಮೇರ್‌ಗೆ ಕಾಯಿಲೆಯೆಂದು ಸೋಫಿ ಪೋಲ್‌ಗೆ ಹೇಳಿದಳು’ ಎಂಬರ್ಥದ ಫ್ರೆಂಚ್ ವಾಕ್ಯದಲ್ಲಿ ಕಾಯಿಲೆ ಯಾರ ತಾಯಿಗೆ? ಸಂದರ್ಭದಿಂದ ತಿಳಿಯದಿದ್ದರೆ ಫ್ರೆಂಚರು ಕೊನೆಗೆ ಸರ್ವನಾಮವೊಂದನ್ನು ಸೇರಿಸುತ್ತಾರೆ: ‘ಸಾ ಮೇರ್ ಆ ಎಲ್’ ಎಂದರೆ ಅವಳ ತಾಯಿ, ‘ಸಾ ಮೇರ್ ಆ ಲ್ಯುಯಿ’ ಎಂದರೆ ಅವನ ತಾಯಿ. ಒಡೆಯ ಗಂಡೋ ಹೆಣ್ಣೋ ಎಂಬುದನ್ನು ಈ ಬಾಲ ಹೇಳುತ್ತದೆ. ಎರಡರಲ್ಲೂ ‘ಸಾ’ ಮಾತ್ರ ತಾಯಿಯ ಲಿಂಗಕ್ಕೇ ಅಂಟಿಕೊಂಡಿರುತ್ತದೆ.